ಸೊನ್ನೆ ಬಂದ ದಿನ

ಸೊನ್ನೆ ಬಂದಾಗ ಇಡೀ ವಿಭಾಗ ಚಪ್ಪಾಳೆ ತಟ್ಟಿತು. ಸೊಸೆಯ ಎದೆ ಮಾತ್ರ ಧಸಕ್ಕೆಂದಿತು.

ಕೇಂದ್ರ ಬ್ಯಾಂಕಿನ ಮೂರನೇ ಮಹಡಿಯಲ್ಲಿ, ದೇಶದ ಪಾವತಿ ಶಿಲ್ಕನ್ನು, ಅಂದರೆ ಹೊರದೇಶಗಳೊಡನೆ ನಡೆದ ಕೊಡುಕೊಳ್ಳುವಿಕೆಯನ್ನು, ಲೆಕ್ಕ ಹಾಕುವ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಆದರೂ ಅವಳನ್ನು ಎಲ್ಲರೂ ಕರೆಯುವುದು ಸೊಸೆ ಎಂದೇ. ಹಿಂದೆ ಈ ಕುರ್ಚಿಯಲ್ಲಿ ಕೂತಿದ್ದವರು ಅವಳಿಗೆ ಕೆಲಸ ಕಲಿಸಿ, ಹುಡುಗಿಯ ಲೆಕ್ಕ ಚೊಕ್ಕವಾಗಿದೆ ಎಂದು ಮೆಚ್ಚಿ, ತಮ್ಮ ಮಗನಿಗೇ ತಂದುಕೊಂಡಿದ್ದರು. ಅಲ್ಲಿಂದ ಅವಳ ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು. ಮೊದಮೊದಲು ಮೂಗು ಮುರಿದವರಿದ್ದರು, "ಮಾವನ ಕುರ್ಚಿ ಸೊಸೆಗೆ" ಎಂದು ಕ್ಯಾಂಟೀನಿನಲ್ಲಿ ಕುಹಕವಾಡಿದವರಿದ್ದರು. ಅವಳ ಕೆಲಸ ನೋಡುತ್ತಾ ನೋಡುತ್ತಾ ಅವರೆಲ್ಲ ಬಾಯಿ ಮುಚ್ಚಿಕೊಂಡರು. ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು, ಅವಳೂ ಅದನ್ನು ಇಷ್ಟಪಟ್ಟೇ ಉಳಿಸಿಕೊಂಡಳು. ತಂದೆಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವಳಿಗೆ ಆ ಮಾವ ಅಂದರೆ ಅಷ್ಟು ಪ್ರೀತಿ.

"ಸೊನ್ನೆ ಮೇಡಂ, ಸೊನ್ನೆ! ಪೂರ್ತಿ ಸೊನ್ನೆ!" ಎಂದು ಕುರ್ಚಿಯಿಂದ ಹಾರಿ ಕೂಗಿದ್ದು ಪಟಾಕಿ. ವಿಭಾಗದ ಅಧಿಕಾರಿಗಳಲ್ಲಿ ಅವಳೇ ಕಿರಿಯಳು. ಒಂದು ಮಾತಿಗೆ ಹತ್ತು ಮಾತು ಸಿಡಿಸುವವಳಾದ್ದರಿಂದ ಆ ಹೆಸರು. "ಮೂರು ಖಾತೆನೂ ತಾಳೆ ಆಗಿದೆ, ಒಂದು ಪೈಸೆ ಆಚೆ ಇಲ್ಲ ಈಚೆ ಇಲ್ಲ!"

ಸೊಸೆ ಎದ್ದು ಹೋಗಿ ಪರದೆ ನೋಡಿದಳು. ಚಾಲ್ತಿ ಖಾತೆಯಲ್ಲಿ ನಾನೂರ ಹನ್ನೆರಡು ಕೋಟಿ ಕೊರತೆ. ಹೊರದೇಶಗಳಿಗೆ ಮಾರಿದ್ದು ಕೊಂಡದ್ದು, ಪ್ರವಾಸಿಗರು ಖರ್ಚು ಮಾಡಿದ್ದು, ಲಾಭಾಂಶ, ಬಡ್ಡಿ, ದುಡಿಯಲು ಹೋದವರು ಮನೆಗೆ ಕಳಿಸಿದ ದುಡ್ಡು, ಎಲ್ಲವೂ ಸೇರಿ ಅಷ್ಟು. ಬಂಡವಾಳ ಖಾತೆಯಲ್ಲಿ ಮೂವತ್ತೆಂಟು ಕೋಟಿ ಹೆಚ್ಚಳ. ಆ ಖಾತೆ ಯಾವಾಗಲೂ ಬಡಕಲು, ಈ ಸಲ ತುಸು ಮೈ ತುಂಬಿಕೊಂಡಿತ್ತು. ಹೊರಗಿನವರು ಆಸ್ಪತ್ರೆ ಕಟ್ಟಿಸಲೆಂದೇ ಕೊಟ್ಟ ಅನುದಾನವಿತ್ತು, ಒಂದು ರಾಯಭಾರ ಕಚೇರಿ ಗುಡ್ಡದ ಮೇಲೆ ಕೊಂಡ ಖಾಲಿ ಜಾಗದ ಬೆಲೆಯಿತ್ತು. ಆ ಜಾಗವನ್ನು ಪಟಾಕಿ ಮೊದಲು ಹಣಕಾಸು ಖಾತೆಯಲ್ಲಿ, ವಿದೇಶಿ ಹೂಡಿಕೆಯ ಕೆಳಗೆ ತುರುಕಿದ್ದಳು. "ರಾಯಭಾರಿ ಏನು ಅಂಗಡಿ ಇಡ್ತಾರಾ ಅಲ್ಲಿ? ತೆಗಿ, ಬಂಡವಾಳ ಖಾತೆಗೆ ಹಾಕು" ಎಂದು ಸೊಸೆ ಮೊನ್ನೆಯಷ್ಟೇ ರೇಗಿದ್ದಳು.

ಎರಡೂ ಸೇರಿದರೆ ಮುನ್ನೂರ ಎಪ್ಪತ್ತನಾಲ್ಕು ಕೋಟಿ ಕಡಿಮೆ. ಇಷ್ಟು ಕಡಿಮೆ ಬಿದ್ದಿದೆ ಎಂದಮೇಲೆ ಅಷ್ಟು ಹಣ ಹೊರಗಿನಿಂದ ಎಲ್ಲಿಂದಲೋ ಬಂದಿರಲೇಬೇಕು: ಸಾಲವಾಗಿಯೋ, ಕಾರ್ಖಾನೆ ಕೊಂಡವರ ಹೂಡಿಕೆಯಾಗಿಯೋ, ಬ್ಯಾಂಕಿನ ಮೀಸಲು ಕರಗಿಸಿಯೋ. ಅದನ್ನು ಹೇಳುವುದು ಹಣಕಾಸು ಖಾತೆ. ಅಲ್ಲೂ ಮುನ್ನೂರ ಎಪ್ಪತ್ತನಾಲ್ಕು. ಕೊನೆಯ ಸಾಲಿನಲ್ಲಿ, 'ತಪ್ಪು ಮತ್ತು ಲೋಪ' ಎಂಬ ತಲೆಬರಹದ ಮುಂದೆ, ದುಂಡನೆಯ ಸೊನ್ನೆ ಕೂತಿತ್ತು.

ಪುಸ್ತಕದಲ್ಲಿ ಓದುವವರಿಗೆ ಇದು ಸಹಜವಾಗಿಯೇ ಕಾಣುತ್ತದೆ. ಪ್ರತಿ ವ್ಯವಹಾರಕ್ಕೂ ಎರಡು ನಮೂದು, ಕೊಟ್ಟದ್ದೊಂದು, ಪಡೆದದ್ದೊಂದು. ಹಾಗಾಗಿ ಮೊತ್ತ ಸರಿಹೋಗಲೇಬೇಕು. ಆದರೆ ಈ ಕೆಲಸ ಮಾಡುವವರಿಗೆ ಗೊತ್ತು, ಆ ಎರಡು ನಮೂದು ಒಂದೇ ಕೈಯಿಂದ ಬರುವುದಿಲ್ಲ. ಹಡಗಿಗೆ ಏರಿದ ಸರಕಿನ ಲೆಕ್ಕ ಕೊಡುವುದು ಸುಂಕದವರು. ಅದರ ಹಣದ ಲೆಕ್ಕ ಕೊಡುವುದು ಬ್ಯಾಂಕಿನವರೋ ಕಂಪನಿಯವರೋ. ಒಬ್ಬರು ಈ ತ್ರೈಮಾಸಿಕದಲ್ಲಿ ಬರೆದರೆ ಇನ್ನೊಬ್ಬರು ಮುಂದಿನದರಲ್ಲಿ ಬರೆಯುತ್ತಾರೆ, ಮತ್ತೊಬ್ಬರು ಮರೆತೇಬಿಡುತ್ತಾರೆ. ಮೂವತ್ತೋ ಐವತ್ತೋ ಕೋಟಿ ಆಚೀಚೆ ಆಗಿಯೇ ತೀರುತ್ತದೆ. ಅದನ್ನು ಮುಚ್ಚಿಡದೆ ಕೊನೆಯ ಸಾಲಿನಲ್ಲಿ ಬರೆದುಕೊಳ್ಳುವುದೇ ಈ ಕಸುಬಿನ ಮರ್ಯಾದೆ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲೇ ಮಾವ, ಆಗಿನ್ನೂ 'ಸರ್', ಹೇಳಿದ್ದರು: "ಸೊನ್ನೆ ಬಂದ್ರೆ ಖುಷಿ ಪಡಬೇಡಮ್ಮ, ಗಾಬರಿ ಆಗು."

ಆಗಿತ್ತು ಗಾಬರಿ.

ಅಷ್ಟರಲ್ಲಿ ನಿರ್ದೇಶಕರು ಬಂದರು. ಅಂಗಿಯಲ್ಲಿ ಒಂದು ಸುಕ್ಕನ್ನೂ ಯಾರೂ ಕಂಡಿಲ್ಲವಾದ್ದರಿಂದ ಅವರನ್ನು ಬೆನ್ನ ಹಿಂದೆ ಕರೆಯುವುದು ಇಸ್ತ್ರಿ ಸಾಹೇಬರು ಎಂದು. ಸುದ್ದಿ ಅವರಿಗೆ ಲಿಫ್ಟಿನಲ್ಲೇ ಮುಟ್ಟಿತ್ತು.

"ಶಭಾಷ್!" ಎಂದರು. "ನಾಳೆ ಪತ್ರಿಕಾ ಪ್ರಕಟಣೆಯಲ್ಲಿ ಇದೇ ಮೊದಲನೇ ಸಾಲು. ಇತಿಹಾಸದಲ್ಲೇ ಮೊದಲ ಸಲ ಲೋಪ ಸೊನ್ನೆ ಅಂತ. ಪಕ್ಕದ ದೇಶದವರು ಹೊಟ್ಟೆ ಉರ್ಕೋಬೇಕು."

"ಸರ್, ಸ್ವಲ್ಪ ತಡೀರಿ. ಒಂದ್ಸಲ ಎಲ್ಲಾ ಮತ್ತೆ ನೋಡ್ಬೇಕು."

"ಏನ್ರೀ ನೋಡೋದು? ಲೆಕ್ಕ ತಾಳೆ ಆಗದೆ ಇದ್ರೆ ನೋಡ್ಬೇಕು. ತಾಳೆ ಆದ್ರೂ ನೋಡ್ತೀರಾ?"

"ತಾಳೆ ಆಗಿರೋದಕ್ಕೇ ನೋಡ್ಬೇಕು ಸರ್. ಜಾಗದ ಬೆಲೆ ತಪ್ಪು ಖಾತೆಗೆ ಹೋಗಿದ್ರೂ ಮೊತ್ತ ಬದಲಾಗಲ್ಲ. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿದ್ರೂ ಹೀಗೇ ಬರುತ್ತೆ."

ಸಾಹೇಬರು ತಮ್ಮ ತೋಳಿನ ಮಡಿಕೆ ಸರಿಪಡಿಸಿಕೊಂಡರು. "ನಿಮ್ಮ ಮಾವನೂ ಹೀಗೇ. ಒಳ್ಳೇದು ಕಂಡ್ರೆ ಅನುಮಾನ. ನೋಡಿ, ನೋಡಿ. ಬೆಳಗ್ಗೆ ನನ್ನ ಟೇಬಲ್ ಮೇಲೆ ನಿಮ್ಮ ಸಹಿ ಇರ್ಲಿ" ಎಂದು ಹೊರಟುಹೋದರು. ಪಟಾಕಿ ಕೇಕ್ ತರಿಸಲು ಎಲ್ಲರಿಂದ ಚಂದಾ ಎತ್ತತೊಡಗಿದಳು.

ಸೊಸೆ ತನ್ನ ಮೇಜಿಗೆ ಬಂದು ಲೆಕ್ಕದ ಹಾಳೆಯನ್ನು ತೆರೆದಳು. ಅದು ಮಾವ ಕಟ್ಟಿದ ಹಾಳೆ. ಅವರು ನಿವೃತ್ತರಾಗುವ ಮೊದಲು ಕೈಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ತಿಳಿಹಳದಿ ಬಣ್ಣದ ಚೌಕಗಳನ್ನು ಮುಟ್ಟಬೇಡಿ ಎಂದು ಹೇಳಿ ಹೋಗಿದ್ದರು. ದೇವರ ಕೋಣೆಯ ಹಾಗೆ ಯಾರೂ ಮುಟ್ಟಿರಲಿಲ್ಲ. ಹಾಳೆ ಓಡುತ್ತಿರುವಾಗ ಯಾಕೆ ಕೆಣಕಬೇಕು ಎಂಬುದು ಎಲ್ಲ ಕಚೇರಿಗಳ ಬುದ್ಧಿ. ಅವಳೂ ಅದಕ್ಕೆ ಹೊರತಾಗಿರಲಿಲ್ಲ.

ಸರಕು ಸರಿಯಿತ್ತು. ಸೇವೆ ಸರಿಯಿತ್ತು. ಅನುದಾನ, ಜಾಗ ಸರಿಯಿದ್ದವು. ಹಣಕಾಸು ಖಾತೆಯಲ್ಲಿ ಹೊರಗಿನಿಂದ ಬಂದದ್ದು ಐನೂರ ಎಂಬತ್ತೈದು ಕೋಟಿ. ಅದರಿಂದ ಕಳೆಯಬೇಕಾದದ್ದು, ನಮ್ಮ ರಫ್ತುದಾರರು ಹೊರದೇಶದ ಬ್ಯಾಂಕುಗಳಲ್ಲೇ ಬಿಟ್ಟ ಹಣ: ಇನ್ನೂರ ಹನ್ನೊಂದು. ಅಲ್ಲಿ ಅವಳ ಕಣ್ಣು ನಿಂತಿತು. ಆ ತಿಳಿಹಳದಿ ಚೌಕಕ್ಕೆ ಬರುವುದು ಒಂದೇ ಕಂಪನಿಯ ಹಣ, ಅದಿರು ಕಂಪನಿಯದು. ಅವರು ಅದಿರನ್ನು ಹಡಗಿಗೆ ತುಂಬುತ್ತಾರೆ, ಕೊಂಡವರು ಹಣವನ್ನು ಹೊರಗಿನ ಖಾತೆಗೇ ಹಾಕುತ್ತಾರೆ. ಇಲ್ಲಿನ ಯಾವ ಬ್ಯಾಂಕಿಗೂ ಅದರ ವಾಸನೆ ಬಡಿಯುವುದಿಲ್ಲ. ಕಂಪನಿ ತಾನೇ ಫಾರಂ ತುಂಬಿ ತಿಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಫಾರಮ್ಮಿನಲ್ಲಿ ಅವರು ಯಾವಾಗಲೂ ದುಂಡು ಅಂಕಿ ಬರೆಯುವವರು. ಇಲ್ಲಿ ಮಾತ್ರ ಇನ್ನೂರ ಹನ್ನೊಂದರ ಹಿಂದೆ ದಶಾಂಶದ ಅಂಕಿಗಳು ಇರುವೆ ಸಾಲಿನಂತೆ ಹೊರಟಿದ್ದವು.

ಚೌಕದ ಮೇಲೆ ಒತ್ತಿದಳು. ಒಳಗಿದ್ದದ್ದು ಅಂಕಿಯಲ್ಲ, ಸೂತ್ರ. ಅದು ಹೇಳುತ್ತಿದ್ದದ್ದು ಇಷ್ಟೇ: ಫಾರಮ್ಮಿನ ಅಂಕಿ ಇದ್ದರೆ ಅದನ್ನು ಹಾಕು, ಇಲ್ಲದಿದ್ದರೆ, ಮೊತ್ತ ಸೊನ್ನೆಯಾಗಲು ಎಷ್ಟು ಬೇಕೋ ಅಷ್ಟು ಹಾಕು.

ಅವಳು ಮತ್ತೆ ಓದಿದಳು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದಳು.

ಬೆಂಕಿ ಬಿದ್ದ ಮನೆಯಲ್ಲೂ ಜನ ಇಷ್ಟು ದಂಗಾಗುವುದಿಲ್ಲವೇನೋ. ಸೊನ್ನೆ ಬಂದರೆ ಗಾಬರಿಯಾಗು ಎಂದವರೇ ಸೊನ್ನೆ ಹುಟ್ಟಿಸುವ ಯಂತ್ರವನ್ನು ಹಾಳೆಯ ಹೊಟ್ಟೆಯೊಳಗೆ ಬಚ್ಚಿಟ್ಟಿದ್ದರು. ಪ್ರಕಟವಾದ ಯಾವ ತ್ರೈಮಾಸಿಕದಲ್ಲೂ ಸೊನ್ನೆ ಇರಲಿಲ್ಲವಲ್ಲ ಎಂದು ಮೊದಲು ಸಮಾಧಾನ ಹೇಳಿಕೊಂಡಳು. ಮರುಕ್ಷಣವೇ ಇನ್ನೊಂದು ಯೋಚನೆ ಬಂದು ಆ ಸಮಾಧಾನವನ್ನು ಕಿತ್ತೆಸೆಯಿತು. ಮಾವ ಹೀಗೂ ಮಾಡಿರಬಹುದು: ಸೂತ್ರದಿಂದ ಸೊನ್ನೆ ಬರಿಸಿ ನೋಡುವುದು, ಆಮೇಲೆ ಆ ಅಂಕಿಯಲ್ಲಿ ಮೂವತ್ತೋ ನಲವತ್ತೋ ಏರುಪೇರು ಮಾಡಿ ಫಾರಮ್ಮಿನ ಅಂಕಿಯೆಂದು ಕೈಯಿಂದ ತುಂಬುವುದು. ಲೋಪ ಎಷ್ಟು ಬೇಕೋ ಅಷ್ಟೇ ಬರುತ್ತದೆ, ನೋಡಿದವರಿಗೆ ನಿಜವಾದ ಲೋಪದಂತೆಯೇ ಕಾಣುತ್ತದೆ. ಮಾವನ ಕಾಲದ ಫಾರಂಗಳನ್ನು ನಿಯಮದ ಪ್ರಕಾರ ಎಂದೋ ನಾಶ ಮಾಡಿಯಾಗಿತ್ತು. ಅವರು ಹಾಗೆ ಮಾಡಿದ್ದರು ಎನ್ನಲೂ ಮಾಡಿರಲಿಲ್ಲ ಎನ್ನಲೂ ಈಗ ದಾರಿಯಿರಲಿಲ್ಲ.

ಸಹಿ ಹಾಕುವ ಮಾತೇ ಇಲ್ಲ. ಆದರೆ ಯಾಕೆ ಹಾಕುವುದಿಲ್ಲ ಎಂದು ಬೆಳಗ್ಗೆ ಹೇಳಬೇಕು. ಹೇಳಿದರೆ ಆ ಸೂತ್ರ ಬರೆದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಮಾವನ ಕಾಲದ ಅಷ್ಟೂ ಅಂಕಿಗಳ ಮೇಲೆ ಅನುಮಾನ ಬೀಳುತ್ತದೆ. ಈ ವಿಭಾಗದಲ್ಲಿ ಪ್ರಾಮಾಣಿಕತೆಗೆ ಇನ್ನೊಂದು ಹೆಸರಾಗಿದ್ದ ಮನುಷ್ಯ ಒಂದೇ ಬೆಳಗಿಗೆ ಅಂಕಿಗಳ್ಳನಾಗುತ್ತಾರೆ. ತಮ್ಮ ಪರವಾಗಿ ಒಂದು ಮಾತು ಆಡಿಕೊಳ್ಳಲೂ ಅವರಿಂದಾಗದು. ಮಾವನ ನೆನಪಿನ ಶಕ್ತಿ ಕೈಕೊಟ್ಟು ಎಷ್ಟೋ ಕಾಲವಾಗಿತ್ತು.

"ಮೇಡಂ, ಕೇಕು!" ಎಂದು ಪಟಾಕಿ ತಟ್ಟೆ ಹಿಡಿದು ಬಂದಳು. ಮೇಲೆ ಕೆನೆಯಲ್ಲಿ ದೊಡ್ಡದೊಂದು ಸೊನ್ನೆ ಬರೆಸಿದ್ದಳು. ಸೊಸೆ ಮುಖ ತಿರುಗಿಸಿದಳು.

"ಅದಿರು ಕಂಪನಿ ಫಾರಂ ಬಂತೇನೇ?"

"ಬಂದಿದೆ ಮೇಡಂ. ಮೇಲ್ ಬಂದ ದಿನವೇ ಟಿಕ್ ಹಾಕಿದ್ದೀನಿ."

"ತೆಗೆದು ನೋಡಿದ್ಯಾ?"

ಪಟಾಕಿ ತಟ್ಟೆಯನ್ನು ಅಲ್ಲೇ ಇಟ್ಟು ತನ್ನ ಮೇಜಿಗೆ ಓಡಿದಳು. ತೆಗೆದು ನೋಡಿದರೆ ಮೊದಲ ಪುಟ ತುಂಬಿತ್ತು, ಎರಡನೆಯ ಪುಟದಲ್ಲಿ ಹೊರದೇಶದ ಖಾತೆಗಳ ಕಾಲಂ ಖಾಲಿ ಬಿದ್ದಿತ್ತು. ಸೊನ್ನೆ ಎಂದೂ ಬರೆದಿರಲಿಲ್ಲ, ಬರೀ ಖಾಲಿ. ಕಂಪನಿಯ ಕಚೇರಿ ಅಷ್ಟು ಹೊತ್ತಿಗೆ ಬಾಗಿಲು ಹಾಕಿತ್ತು. ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.

ಮನೆಗೆ ಬಂದಾಗ ಅತ್ತೆ ಬಟ್ಟೆ ಮಡಚುತ್ತಿದ್ದರು. ಮಾವ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಕೊಡೆಯೊಂದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಇದು ಯಾವ ಖಾತೆಲಿ ಹೋಗುತ್ತೆ?" ಎಂದು ಕೇಳಿದರು.

"ಮಧ್ಯಾಹ್ನದಿಂದ ಇದೇ ಆಗಿದೆ ಕಣೇ" ಎಂದರು ಅತ್ತೆ. "ಬಾಚಣಿಗೆ ಯಾವುದರಲ್ಲಿ ಹೋಗುತ್ತೆ, ಚಪ್ಪಲಿ ಯಾವುದರಲ್ಲಿ ಹೋಗುತ್ತೆ. ಕೊನೆಗೆ ನನ್ನನ್ನೇ ತೋರಿಸಿ ಕೇಳಿದ್ರು. ನಾನು ಚಾಲ್ತಿಲಿ ಇದ್ದೀನಿ, ಸುಮ್ನೆ ಕೂತ್ಕೊಳ್ಳಿ ಅಂದೆ."

ಬೇರೆ ದಿನವಾಗಿದ್ದರೆ ಸೊಸೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಇವತ್ತು ಚೀಲವನ್ನೂ ಇಳಿಸದೆ ನಿಂತೇ ಇದ್ದಳು. ಆ ಬೆರಳುಗಳನ್ನು ನೋಡಿದಳು. ತನ್ನ ಮೊದಲ ಲೆಕ್ಕದಲ್ಲಿ ಎಂಟು ತಪ್ಪು ಹುಡುಕಿ, ಬಯ್ಯದೆ, ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೂ ತಿದ್ದಿಸಿದ ಬೆರಳುಗಳು. ಅವೇ ಬೆರಳುಗಳು ಆ ಸೂತ್ರವನ್ನೂ ಬರೆದಿದ್ದವು. ಅವಳಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ಅಳು ಬಂತು. ಯಾವುದನ್ನೂ ತಡೆಯಲು ಅವಳಿಂದಾಗಲಿಲ್ಲ.

"ಯಾಕೆ ಹೀಗೆ ಮಾಡಿದ್ರಿ ಮಾವ?"

ಅತ್ತೆ ಮಡಚುತ್ತಿದ್ದ ಬಟ್ಟೆ ಕೈಯಲ್ಲೇ ನಿಂತಿತು. "ಏನಾಯ್ತೇ? ಏನು ಮಾಡಿದ್ರು ಇವರು?"

ಪ್ರಕಟವಾಗದ ಅಂಕಿಯನ್ನು ಮನೆಯಲ್ಲಿ ಆಡಬಾರದು. ಗಂಡನ ಮುಂದೆಯೂ ಅವಳು ಅಂಥ ಮಾತು ಎತ್ತಿದವಳಲ್ಲ. ಆ ನಿಯಮವನ್ನು ಕಲಿಸಿದವರೂ ಇದೇ ಮಾವ. ಇವತ್ತು ಅದು ಬಾಯಿ ತಪ್ಪಿ ಹೊರಬಿತ್ತು.

"ಸೊನ್ನೆ ಬಂದಿದೆ ಮಾವ. ಲೋಪದ ಸಾಲಲ್ಲಿ. ಪೂರ್ತಿ ಸೊನ್ನೆ."

ಕೊಡೆ ನೆಲಕ್ಕೆ ಬಿತ್ತು.

ಇಬ್ಬರು ಹಿಡಿದೆತ್ತಿದರೂ ಏಳಲು ಗೊಣಗುತ್ತಿದ್ದ ಮನುಷ್ಯ ಕುರ್ಚಿಯ ಕೈ ಹಿಡಿದು ತಾವಾಗಿಯೇ ಎದ್ದು ನಿಂತರು. ಅವರ ಮುಖ ಕಂಡು ಅತ್ತೆ ಹೆದರಿ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಎಷ್ಟೋ ಕಾಲದಿಂದ ಆ ಕಣ್ಣುಗಳಲ್ಲಿ ಇಲ್ಲದ್ದು ಈಗ ಇತ್ತು.

"ಸೊನ್ನೆನಾ? ಯಾರ ಫಾರಂ ಬಂದಿಲ್ಲ?" ಎಂದು ಗದರಿದರು. "ನಿಂತು ನೋಡ್ತೀರೇನು? ಫೋನ್ ಮಾಡಿ ಮೊದ್ಲು! ಖಾಲಿ ಬಿಟ್ರೆ ಯಾರಿಗೂ ಗೊತ್ತಾಗಲ್ಲ, ಲೋಪದೊಳಗೆ ಲೋಪ ಆಗಿ ಮುಳುಗಿ ಹೋಗುತ್ತೆ. ಸೊನ್ನೆ ಬಂದ್ರೆ ತಾನೇ ನೀವೆಲ್ಲ ಎದ್ದು ಓಡೋದು! ಅದಕ್ಕೇ ಹಾಕಿರೋದು ಅದನ್ನ!"

ಅಷ್ಟೇ ಆಗಿತ್ತು ವಿಷಯ. ಖಾಲಿ ಕಾಲಂ ಹಾಗೇ ಉಳಿದಿದ್ದರೆ ಲೋಪ ಇನ್ನೂರರ ಆಸುಪಾಸಿಗೆ ಹೋಗುತ್ತಿತ್ತು. ಆ ಸಾಲಿನಲ್ಲಿ ಏನಾದರೊಂದು ಇದ್ದೇ ಇರುತ್ತದೆ, ಈ ಸಲ ಸ್ವಲ್ಪ ಜಾಸ್ತಿ ಎಂದು ಎಲ್ಲರೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಆದ್ದರಿಂದಲೇ ಅವರು ಖಾಲಿ ಕಾಲಂ ಕಂಡ ಕೂಡಲೇ ಹಾಳೆ ಕಿರುಚುವಂತೆ ಮಾಡಿದ್ದರು. ಪಾವತಿ ಶಿಲ್ಕಿನ ಕೆಲಸ ಮಾಡುವ ಯಾವನೂ ನಂಬದ ಅಂಕಿ ಯಾವುದೋ ಅದನ್ನೇ ಕಿರುಚಲು ಆರಿಸಿದ್ದರು. ತಮ್ಮ ನಂತರ ಬರುವವರೂ ತಮ್ಮ ಹಾಗೆಯೇ ಬೆಚ್ಚಿಬೀಳುತ್ತಾರೆ ಎಂದು ಆ ಪುಣ್ಯಾತ್ಮ ನಂಬಿದ್ದರು. ಬಂದವರು ಕೇಕು ತರಿಸಿದ್ದರು. ಅವಳಂತೂ ಅದಕ್ಕಿಂತ ದೊಡ್ಡದನ್ನೇ ಮಾಡಿದ್ದಳು. ಎಚ್ಚರಿಸಿದವರನ್ನೇ ಕಳ್ಳ ಎಂದುಕೊಂಡಿದ್ದಳು.

ಹತ್ತಿರ ಹೋಗಿ ಏನಾದರೂ ಹೇಳಬೇಕು ಎನ್ನುವಷ್ಟರಲ್ಲಿ ಮಾವನ ಕಣ್ಣಿನ ಬೆಳಕು ಇಳಿದುಹೋಗಿತ್ತು. ಅವರು ಬಗ್ಗಿ ಕೊಡೆ ಹುಡುಕುತ್ತಿದ್ದರು.

ಮರುದಿನ ಬೆಳಗ್ಗೆ ಅದಿರು ಕಂಪನಿಯ ಬಾಗಿಲು ತೆರೆಯುವ ಹೊತ್ತಿಗೆ ಸೊಸೆ ಫೋನಿನಲ್ಲಿದ್ದಳು. ಅಲ್ಲಿ ಫಾರಂ ತುಂಬುವವರು ಹೊಸಬರು. "ಆ ಖಾತೆ ಹೊರಗಿಂದು ಅಲ್ವಾ ಮೇಡಂ, ನಿಮಗೆ ಬೇಡವೇನೋ ಅಂದ್ಕೊಂಡೆ" ಎಂದರು ಆ ಮಹಾಶಯರು. ಬೇಕಿದ್ದದ್ದೇ ಅದು ಎಂದು ಬಿಡಿಸಿ ಹೇಳಿದ ಮೇಲೆ ತಿದ್ದಿದ ಫಾರಂ ಬಂತು. ಹೊರಗೆ ಬಿಟ್ಟ ಹಣ ನೂರ ಅರವತ್ತೆಂಟು ಕೋಟಿ. ಪಟಾಕಿ ತನ್ನ ತಪ್ಪಿಗೆ ಅಳುತ್ತ, ಮೂಗು ಒರೆಸಿಕೊಳ್ಳುತ್ತಲೇ ಅಂಕಿ ತುಂಬಿದಳು. ಹಣಕಾಸು ಖಾತೆ ನಾನೂರ ಹದಿನೇಳಕ್ಕೆ ಹೋಯಿತು, ಬೇಕಿದ್ದದ್ದು ಮುನ್ನೂರ ಎಪ್ಪತ್ತನಾಲ್ಕು. ಕೊನೆಯ ಸಾಲಿನಲ್ಲಿ ಮೈನಸ್ ನಲವತ್ತಮೂರು ಬಂದು ಕೂತಿತು. ಸೊಟ್ಟ ಮುಖದ, ಯಾರಿಗೂ ಬೇಡದ ಅಂಕಿ. ಸೊಸೆಗೆ ಅದನ್ನು ಎತ್ತಿ ಮುದ್ದಾಡುವಷ್ಟು ಪ್ರೀತಿ ಬಂತು.

ಇಸ್ತ್ರಿ ಸಾಹೇಬರು ಎಲ್ಲವನ್ನೂ ಕೇಳಿ ಮುಂದಿದ್ದ ಪ್ರಕಟಣೆಯ ಕರಡನ್ನು ಮಡಚಿ ಬದಿಗಿಟ್ಟರು. ಪ್ರಕಟಣೆಯ ಮೊದಲ ಸಾಲನ್ನು ಟಿವಿಯವರಿಗೆ ಆಗಲೇ ಹೇಳಿಟ್ಟಿದ್ದರೋ ಏನೋ, ಮುಖ ಬಿಳಿಚಿಕೊಂಡಿತ್ತು.

"ಅಂದ್ರೆ ನಾವು ಆ ಸೊನ್ನೆನ ಹಾಗೇ ಬಿಟ್ಟಿದ್ರೆ..."

"ನಲವತ್ತಮೂರು ಕೋಟಿ ಎಲ್ಲಿ ಹೋಯ್ತು ಅಂತ ಕೇಳೋರೇ ಇರ್ತಿರಲಿಲ್ಲ ಸರ್."

"ಆ ಸೂತ್ರ ತೆಗೀರಿ. ಫಾರಂ ಇಲ್ಲ ಅಂತ ಕೆಂಪಕ್ಷರದಲ್ಲಿ ಬರೋ ಹಾಗೆ ಮಾಡಿ. ನಮ್ಮಂಥೋರನ್ನ ಎಬ್ಬಿಸೋಕೆ ಸೊನ್ನೆ ಸಾಲದು" ಎಂದರು. ಆಮೇಲೆ ಮೆಲ್ಲಗೆ, "ನಿಮ್ಮ ಮಾವನ್ನ ಕೇಳಿದೆ ಅಂತ ಹೇಳಿ" ಎಂದರು.

ಅಂಕಿ ಊರೆಲ್ಲ ಪ್ರಕಟವಾದ ಮೇಲೆ, ಇನ್ನು ಮನೆಯಲ್ಲಿ ಆಡಿದರೂ ತಪ್ಪಿಲ್ಲ ಎಂದಾದ ಮೇಲೆ, ಸೊಸೆ ಬಂದು ಮಾವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಇವತ್ತು ಅವರ ಕೈಯಲ್ಲಿ ಬಟ್ಟೆಯ ಕ್ಲಿಪ್ ಇತ್ತು.

"ಮೈನಸ್ ನಲವತ್ತಮೂರು ಬಂತು" ಎಂದಳು.

ಅವರು ಅವಳನ್ನು ಆದರದಿಂದ ನೋಡಿದರು, ಹೊಸದಾಗಿ ಬಂದ ಅಧಿಕಾರಿಯನ್ನು ನೋಡುವ ಹಾಗೆ. "ಹಾಗಾದ್ರೆ ಸರಿ ಇರುತ್ತೆ ಮೇಡಂ. ಫಾರಂ ಎಲ್ಲಾ ಬಂದಿದೆಯಲ್ಲ?"

"ಎಲ್ಲಾ ಬಂದಿದೆ."

"ಸಹಿ ಮಾಡೋ ಮುಂಚೆ ಒಂದ್ಸಲ ನಮ್ಮ ಸೊಸೆಗೆ ತೋರಿಸಿಬಿಡಿ" ಎಂದರು ಮಾವ, ಕ್ಲಿಪ್ಪನ್ನು ಅವಳ ಅಂಗೈಯಲ್ಲಿ ಇಡುತ್ತಾ. "ಅವಳು ನೋಡಿದ್ರೆ ನನಗೆ ಚಿಂತೆ ಇಲ್ಲ."